ಮನೆಯ ಮಾಲೀಕರು ವಿದೇಶದಲ್ಲಿದ್ದರೆ ಬಾಡಿಗೆಯ ಮೇಲಿನ ತೆರಿಗೆ: ಪುಣೆಯ ಕನ್ನಡಿಗ ಬಾಡಿಗೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ತೆರಿಗೆ ಸಲಹೆ ನೀಡುವ ನನ್ನ ಬಳಿಗೆ ಬರುವವರಲ್ಲಿ ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಬಾನೇರ್, ವಾಕಡ್, ಹಿಂಜವಡಿಯಲ್ಲಿ ಬಾಡಿಗೆಗಿರುವ ಸಂಬಳದಾರರೇ ಹೆಚ್ಚು. ಅವರ ಮನೆಗಳ ಮಾಲೀಕರಲ್ಲಿ ಅನೇಕರು ದುಬೈ, ಅಮೆರಿಕ, ಜರ್ಮನಿಯಲ್ಲಿದ್ದಾರೆ. ಅಂಥ ಮಾಲೀಕರಿಗೆ ಕೊಡುವ ಬಾಡಿಗೆಯಲ್ಲಿ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದೇ ಎಂಬುದು ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ.

ಈ ಪುಟದ ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತೇನೆ. ಧಾರವಾಡದ ದಂಪತಿ ಬಾನೇರಿನಲ್ಲಿ ಎರಡು ಕೋಣೆಗಳ ಫ್ಲ್ಯಾಟ್ ಹಿಡಿದಿದ್ದಾರೆ. ತಿಂಗಳಿಗೆ 60,000 ರೂಪಾಯಿ ಬಾಡಿಗೆ. ಕರಾರು 2025ರ ಮೇ ತಿಂಗಳಿನಿಂದ 2026ರ ಮಾರ್ಚ್‌ವರೆಗೆ, ಹನ್ನೊಂದು ತಿಂಗಳಿಗೆ. ಮಾಲೀಕರು ಮೂಲತಃ ಉಡುಪಿಯವರು, ದುಬೈಯಲ್ಲಿ ಉದ್ಯೋಗದಲ್ಲಿದ್ದಾರೆ. ಕರಾರಿಗೆ ಸಹಿ ಹಾಕಿದ್ದು ಮುಖತ್ಯಾರಪತ್ರ ಪಡೆದ ಅವರ ತಮ್ಮ. ಬಾಡಿಗೆಯನ್ನು ಪ್ರತಿ ತಿಂಗಳು 5ನೇ ತಾರೀಖಿಗೆ ಗಂಡನ ಖಾತೆಯಿಂದ ಕಳಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಕಚೇರಿಗೆ ಬಾಡಿಗೆ ರಸೀದಿ ಕೊಡಲು ಹೋದಾಗ, ಕರಾರಿನಲ್ಲಿದ್ದ ದುಬೈ ವಿಳಾಸ ನೋಡಿ ಲೆಕ್ಕ ವಿಭಾಗದವರು ಕೇಳಿದರು: "ಟಿಡಿಎಸ್ ಕಟ್ಟುತ್ತಿದ್ದೀರಾ?" ಕಟ್ಟಿರಲಿಲ್ಲ.

ನಮ್ಮ ಬಾಡಿಗೆ ತಿಂಗಳಿಗೆ 50,000 ರೂಪಾಯಿಗಿಂತ ಕಡಿಮೆ. ನಮಗೂ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ನೀವು ಕೇಳಿರುವ 50,000ದ ಮಿತಿ ಸೆಕ್ಷನ್ 194-ಐಬಿಯದು. ಆ ಸೆಕ್ಷನ್ ಮಾಲೀಕರು ಭಾರತದ ನಿವಾಸಿಯಾಗಿದ್ದಾಗ ಮಾತ್ರ. ಅಲ್ಲಿ ತಿಂಗಳ ಬಾಡಿಗೆ 50,000 ದಾಟಿದರೆ ಶೇ 2ರಷ್ಟು ಮುರಿದು, ವರ್ಷಕ್ಕೊಮ್ಮೆ ಅಥವಾ ಮನೆ ಬಿಡುವಾಗ ನಮೂನೆ 26ಕ್ಯೂಸಿ ತುಂಬಿ ಕಟ್ಟಿದರೆ ಮುಗಿಯಿತು.

ಮಾಲೀಕರು ಅನಿವಾಸಿಯಾಗಿದ್ದರೆ ಸೆಕ್ಷನ್ 195 ಬರುತ್ತದೆ. ಅದರಲ್ಲಿ ಬಾಡಿಗೆಗೆ ಕನಿಷ್ಠ ಮಿತಿಯೇ ಇಲ್ಲ. ಬಾಡಿಗೆ 12,000 ಇದ್ದರೂ ಮುರಿಯಬೇಕು. ಹಾಗಾಗಿ ಮೂವರು ಸ್ನೇಹಿತರು ಸೇರಿ ಬಾಡಿಗೆ ಹಂಚಿಕೊಂಡು, ಒಬ್ಬೊಬ್ಬರೂ ತಮ್ಮ ಪಾಲನ್ನು ನೇರವಾಗಿ ಮಾಲೀಕರಿಗೆ ಕಳಿಸಿದರೂ ಹೊಣೆ ತಪ್ಪುವುದಿಲ್ಲ. ಮೂವರೂ ಬೇರೆ ಬೇರೆಯಾಗಿ ಮುರಿದು ಕಟ್ಟಬೇಕಾಗುತ್ತದೆ, ಮೂರು ಪಟ್ಟು ಕೆಲಸ. ಒಬ್ಬರೇ ಪಾವತಿಸಿ, ಉಳಿದವರು ಅವರಿಗೆ ಪಾಲು ಕೊಡುವ ವ್ಯವಸ್ಥೆಯನ್ನು ಕರಾರಿನಲ್ಲೇ ಮಾಡಿಕೊಳ್ಳುವುದು ವಾಸಿ.

ಹಣಕಾಸು ವರ್ಷದ ಬಗ್ಗೆ ಒಂದು ಮಾತು. ಇಲ್ಲಿನ ಸೆಕ್ಷನ್ ಮತ್ತು ನಮೂನೆಗಳ ಸಂಖ್ಯೆಗಳು 1961ರ ಕಾಯಿದೆಯವು, ನಮ್ಮ ಉದಾಹರಣೆಯ 2025-26ಕ್ಕೆ ಅವೇ ಸಲ್ಲುತ್ತವೆ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯಿದೆ, 2025 ಜಾರಿಗೆ ಬಂದಿದೆ. ಅದರಲ್ಲಿ ಸಂಬಳದ್ದನ್ನು ಬಿಟ್ಟು ಉಳಿದ ಟಿಡಿಎಸ್ ನಿಯಮಗಳು ಸೆಕ್ಷನ್ 393ರಲ್ಲಿ ಒಟ್ಟುಗೂಡಿವೆ. ಆ ದಿನಾಂಕದ ನಂತರದ ಬಾಡಿಗೆಗೆ ಪರದೆಯ ಮೇಲೆ ಹೊಸ ಸಂಖ್ಯೆಗಳನ್ನು ಆರಿಸಬೇಕು.

ಮಾಲೀಕರು ಅನಿವಾಸಿ ಹೌದೋ ಅಲ್ಲವೋ ಎಂದು ನಾನು ಹೇಗೆ ನಿರ್ಧರಿಸಲಿ?

ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಆ ಹಣಕಾಸು ವರ್ಷದಲ್ಲಿ ಅವರು ಭಾರತದಲ್ಲಿ ಎಷ್ಟು ದಿನ ಇದ್ದರು ಎಂಬುದೇ ಮುಖ್ಯ. ಒಂದು ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದವರು ನಿವಾಸಿ. ಅದಕ್ಕಿಂತ ಕಡಿಮೆ ಇದ್ದವರಿಗೂ ಕೆಲವು ಉಪನಿಯಮಗಳಿವೆ, ಆದರೆ ವಿದೇಶದಲ್ಲೇ ಕೆಲಸ ಮಾಡುತ್ತ ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವ ಮಾಲೀಕರು ಸಾಮಾನ್ಯವಾಗಿ ಅನಿವಾಸಿಗಳೇ. ಭಾರತದ ಪೌರರಾಗಿದ್ದೂ ಅನಿವಾಸಿಯಾಗಬಹುದು. ಅಮೆರಿಕದ ಪೌರತ್ವ ಪಡೆದು ಪುಣೆಗೆ ಮರಳಿ ನೆಲೆಸಿದವರು ನಿವಾಸಿಯಾಗಬಹುದು.

ಗೋವಾದಲ್ಲಿ ಮನೆ ಹಿಡಿದ ಓದುಗರು ಒಂದು ಸಂಗತಿ ಗಮನಿಸಬೇಕು. ಅಲ್ಲಿನ ಎಷ್ಟೋ ಮಾಲೀಕರು ಹಡಗಿನ ಉದ್ಯೋಗಿಗಳು. ಮನೆ ಮಡಗಾಂವಿನಲ್ಲೇ, ಹೆಂಡತಿ ಮಕ್ಕಳು ಅಲ್ಲೇ, ರಜೆಯಲ್ಲಿ ಅವರನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಆದರೆ ವರ್ಷದ ಹೆಚ್ಚಿನ ಭಾಗ ಸಮುದ್ರದಲ್ಲಿ ಕಳೆದಿದ್ದರೆ ಅವರು ಅನಿವಾಸಿಯಾಗಿರುತ್ತಾರೆ. ಒಂದು ವರ್ಷ ಅನಿವಾಸಿ, ಮುಂದಿನ ವರ್ಷ ನಿವಾಸಿ ಆಗುವುದೂ ಉಂಟು.

ಆದ್ದರಿಂದ ಊಹಿಸಬೇಡಿ, ಬರಹದಲ್ಲಿ ಕೇಳಿ. ಕರಾರಿಗೆ ಸಹಿ ಹಾಕುವ ಮುನ್ನ ಮತ್ತು ಆಮೇಲೆ ಪ್ರತಿ ಏಪ್ರಿಲ್‌ನಲ್ಲಿ ಮಾಲೀಕರಿಂದ ಇ-ಮೇಲ್ ಮೂಲಕ ಒಂದು ಸಾಲಿನ ಘೋಷಣೆ ಪಡೆಯಿರಿ: "ಈ ಹಣಕಾಸು ವರ್ಷದಲ್ಲಿ ನಾನು ಆದಾಯ ತೆರಿಗೆ ಕಾಯಿದೆಯ ಪ್ರಕಾರ ನಿವಾಸಿ / ಅನಿವಾಸಿ." ಜೊತೆಗೆ ಪ್ಯಾನ್ ಮತ್ತು ವಿದೇಶದ ವಿಳಾಸ. ಬಾಡಿಗೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಗೆ ಕಳಿಸಿ ಎಂದರೆ ಅದೇ ಸ್ಪಷ್ಟ ಸುಳಿವು. ಕರಾರಿಗೆ ಮುಖತ್ಯಾರರು ಸಹಿ ಹಾಕಿದ್ದರೆ, ಮುಖತ್ಯಾರಪತ್ರವನ್ನು ವಿದೇಶದಲ್ಲಿರುವ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ್ದರೆ, ಕೇಳದೆ ಬಿಡಬೇಡಿ.

ಬಾಡಿಗೆಯನ್ನು ಪುಣೆಯಲ್ಲಿರುವ ಅವರ ತಮ್ಮನ ಖಾತೆಗೆ ಹಾಕುತ್ತೇನೆ. ಆಗಲೂ ಅನ್ವಯವೇ?

ಹೌದು. ಮನೆ ಯಾರದೋ ಬಾಡಿಗೆಯ ಆದಾಯ ಅವರದು. ತಮ್ಮ, ತಾಯಿ, ಏಜೆಂಟ್ ಯಾರ ಕೈಗೆ ಹಣ ಹೋದರೂ ಅವರು ಮಾಲೀಕರ ಪರವಾಗಿ ಪಡೆಯುವವರು ಅಷ್ಟೇ. ಬಾಡಿಗೆಯನ್ನು ಮಾಲೀಕರ ಎನ್‌ಆರ್‌ಒ ಖಾತೆಗೇ ಹಾಕುವುದು ಕ್ರಮ.

ಮನೆ ಇಬ್ಬರ ಹೆಸರಿನಲ್ಲಿದ್ದು ಗಂಡ ಅನಿವಾಸಿ, ಹೆಂಡತಿ ಇಲ್ಲೇ ನಿವಾಸಿ ಎಂದಿಟ್ಟುಕೊಳ್ಳಿ. ಕ್ರಯಪತ್ರದಲ್ಲಿ ಪಾಲು ನಿಶ್ಚಿತವಾಗಿದ್ದರೆ ಗಂಡನ ಪಾಲಿನ ಬಾಡಿಗೆಗೆ ಸೆಕ್ಷನ್ 195, ಹೆಂಡತಿಯ ಪಾಲಿಗೆ ನಿವಾಸಿಗಳ ನಿಯಮ. ಇಬ್ಬರ ಖಾತೆಗೂ ಬೇರೆ ಬೇರೆ ಪಾವತಿಸಿ, ಲೆಕ್ಕ ಶುದ್ಧವಾಗಿರುತ್ತದೆ.

ಎಷ್ಟು ಮುರಿಯಬೇಕು?

ಶೇ 30 ತೆರಿಗೆ, ಅದರ ಮೇಲೆ ಶೇ 4 ಆರೋಗ್ಯ ಮತ್ತು ಶಿಕ್ಷಣ ಸೆಸ್. ಒಟ್ಟು ಶೇ 31.2. ಮೊತ್ತ ವರ್ಷಕ್ಕೆ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಸೇರುತ್ತದೆ, ಸಾಮಾನ್ಯ ಮನೆ ಬಾಡಿಗೆಯಲ್ಲಿ ಆ ಪ್ರಶ್ನೆ ಏಳುವುದಿಲ್ಲ.

ನಮ್ಮ ಉದಾಹರಣೆಯಲ್ಲಿ 60,000ಕ್ಕೆ ತೆರಿಗೆ 18,720 ರೂಪಾಯಿ. ಮಾಲೀಕರ ಖಾತೆಗೆ ಹೋಗುವುದು 41,280. ಮುರಿಯಬೇಕಾದದ್ದು ಬಾಡಿಗೆ ಕೊಡುವ ಪ್ರತಿ ಸಲ. ಮೂರು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟರೆ ಮೂರೂ ತಿಂಗಳ ತೆರಿಗೆ ಆಗಲೇ. ಹಿಂದಿರುಗಿಸುವ ಠೇವಣಿ ಮಾಲೀಕರ ಆದಾಯವಲ್ಲ, ಅದರ ಮೇಲೆ ಮುರಿಯಬೇಕಿಲ್ಲ. ಆದರೆ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಠೇವಣಿಯಲ್ಲಿ ವಜಾ ಮಾಡಿಕೊಳ್ಳಿ ಎಂದು ಮಾತಾದರೆ, ಆ ಮೊತ್ತ ಬಾಡಿಗೆಯಾಗಿಬಿಡುತ್ತದೆ. ಕೈಯಿಂದ ಕೈಗೆ ಹಣ ಹೋಗದಿದ್ದರೂ ತೆರಿಗೆ ಕಟ್ಟಬೇಕು. ಮನೆ ಬಿಡುವ ಗಡಿಬಿಡಿಯಲ್ಲಿ ಜನ ಮರೆಯುವುದು ಇದನ್ನೇ.

"ಮಾಲೀಕರ ನಿಜವಾದ ತೆರಿಗೆ ಇಷ್ಟಿರುವುದಿಲ್ಲವಲ್ಲ, ದುರಸ್ತಿಗೆಂದು ಕಾನೂನು ಬಿಟ್ಟುಕೊಡುವ ಶೇ 30ರ ಕಡಿತ ತೆಗೆದು ಉಳಿದದ್ದರ ಮೇಲೆ ಮುರಿಯಬಹುದೇ" ಎಂದು ಕೆಲವರು ಕೇಳುತ್ತಾರೆ. ನೀವಾಗಿಯೇ ಹಾಗೆ ಮಾಡಬೇಡಿ. ಇಲಾಖೆಯ ಅಧಿಕಾರಿಯ ಆದೇಶವಿಲ್ಲದೆ ಪಾವತಿದಾರರು ಮೊತ್ತವನ್ನು ತಾವೇ ಇಳಿಸಿಕೊಳ್ಳುವಂತಿಲ್ಲ ಎಂಬ ನಿಲುವು ಸುಪ್ರೀಂ ಕೋರ್ಟಿನ 1999ರ ಟ್ರಾನ್ಸ್‌ಮಿಷನ್ ಕಾರ್ಪೊರೇಷನ್ ತೀರ್ಪಿನಿಂದ ಗಟ್ಟಿಯಾಗಿದೆ. ಇಳಿಸಲು ಸರಿಯಾದ ದಾರಿಯೊಂದಿದೆ, ಅದಕ್ಕೆ ಕೆಳಗೆ ಬರುತ್ತೇನೆ.

ದುಬೈಯಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ, ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದವೂ ಇದೆ ಎನ್ನುತ್ತಾರೆ ಮಾಲೀಕರು.

ಒಪ್ಪಂದ ಇರುವುದು ನಿಜ. ಆದರೆ ಸ್ಥಿರಾಸ್ತಿಯ ಆದಾಯಕ್ಕೆ ಆಸ್ತಿ ಯಾವ ದೇಶದಲ್ಲಿದೆಯೋ ಆ ದೇಶ ತೆರಿಗೆ ಹಾಕಬಹುದು ಎಂದೇ ಆ ಒಪ್ಪಂದಗಳ ಆರನೇ ವಿಧಿ ಹೇಳುತ್ತದೆ. ಮನೆ ಬಾನೇರಿನಲ್ಲಿದೆ. ಬಡ್ಡಿಗೋ ಲಾಭಾಂಶಕ್ಕೋ ಒಪ್ಪಂದದಿಂದ ದರ ಇಳಿಯುವಂತೆ ಮನೆ ಬಾಡಿಗೆಗೆ ಇಳಿಯುವುದಿಲ್ಲ. ಅವರು ದುಬೈಯ ತೆರಿಗೆ ನಿವಾಸ ಪ್ರಮಾಣಪತ್ರ ಕಳಿಸಿದರೂ ನಿಮ್ಮ ಶೇ 31.2 ಬದಲಾಗದು.

"ತೆರಿಗೆ ನಿಮ್ಮದು, ನನ್ನ ಕೈಗೆ 60,000 ಬರಬೇಕು" ಎಂದು ಮಾಲೀಕರು ಕರಾರಿನಲ್ಲಿ ಬರೆಸಿದ್ದಾರೆ.

ಈ ಒಂದು ಸಾಲಿಗಾಗಿ ಕರಾರನ್ನು ಸಹಿಗೆ ಮುನ್ನ ಇಡಿಯಾಗಿ ಓದಿ ಎಂದು ಎಲ್ಲರಿಗೂ ಒತ್ತಾಯ ಮಾಡುತ್ತೇನೆ. ತೆರಿಗೆಯನ್ನು ಬಾಡಿಗೆದಾರ ಹೊರುತ್ತಾನೆ ಎಂದಾದರೆ ಸೆಕ್ಷನ್ 195-ಎ ಪ್ರಕಾರ ಬಾಡಿಗೆಯನ್ನು ಹಿಗ್ಗಿಸಿ ಲೆಕ್ಕ ಹಾಕಬೇಕು. ಅಂದರೆ ಯಾವ ಮೊತ್ತದಲ್ಲಿ ಶೇ 31.2 ಮುರಿದರೆ 60,000 ಉಳಿಯುತ್ತದೆ ಎಂದು ನೋಡಬೇಕು.

```
60,000 ÷ 0.688 = 87,209
87,209 − 60,000 = 27,209
```

18,720 ಅಲ್ಲ, ತಿಂಗಳಿಗೆ 27,209 ರೂಪಾಯಿ ನಿಮ್ಮ ಜೇಬಿನಿಂದ ಹೋಗುತ್ತದೆ. ಮಹಾರಾಷ್ಟ್ರದ ಲೀವ್ ಅಂಡ್ ಲೈಸೆನ್ಸ್ ಕರಾರುಗಳನ್ನು ಬಹುಪಾಲು ಏಜೆಂಟರು ಹಳೆಯ ಮಾದರಿಯಿಂದ ನಕಲು ಮಾಡಿ ನೋಂದಾಯಿಸುತ್ತಾರೆ. ಅದರಲ್ಲಿ ತೆರಿಗೆಯ ಮಾತೇ ಇರುವುದಿಲ್ಲ, ಇದ್ದರೂ ಇಂಥ ಅಪಾಯದ ಸಾಲು ಇರುತ್ತದೆ. ಅದರ ಬದಲು ಇದನ್ನು ಬರೆಸಿ: "ತಿಂಗಳ ಬಾಡಿಗೆ 60,000 ರೂಪಾಯಿ. ಕಾನೂನಿನ ಪ್ರಕಾರ ಮುರಿಯಬೇಕಾದ ತೆರಿಗೆಯನ್ನು ಇದರಲ್ಲೇ ಮುರಿದು ಉಳಿದದ್ದನ್ನು ಪಾವತಿಸಲಾಗುವುದು. ಕಡಿಮೆ ದರದ ಪ್ರಮಾಣಪತ್ರ ಪಡೆಯುವ ಹೊಣೆ ಮಾಲೀಕರದು."

ಟ್ಯಾನ್ ಎಂದರೇನು? ನನ್ನ ಪ್ಯಾನ್ ಸಾಲದೇ?

ಸಾಲದು. ನಿವಾಸಿ ಮಾಲೀಕರ ವಿಷಯದಲ್ಲಿ ಪ್ಯಾನ್ ಸಾಕು, ಸೆಕ್ಷನ್ 195ಕ್ಕೆ ಸಾಲುವುದಿಲ್ಲ. ತೆರಿಗೆ ಮುರಿಯುವವರಿಗೆ ಕೊಡುವ ಹತ್ತು ಅಕ್ಷರ-ಅಂಕಿಗಳ ಸಂಖ್ಯೆಯೇ ಟ್ಯಾನ್. ಮೊದಲು ನಾಲ್ಕು ಅಕ್ಷರ, ಆಮೇಲೆ ಐದು ಅಂಕಿ, ಕೊನೆಗೊಂದು ಅಕ್ಷರ. ಪುಣೆಯವು ಸಾಮಾನ್ಯವಾಗಿ PNE ಎಂದೂ ಮುಂಬೈಯವು MUM ಎಂದೂ ಆರಂಭವಾಗುತ್ತವೆ.

ಪ್ರೋಟಿಯನ್ ಸಂಸ್ಥೆಯ ಜಾಲತಾಣದಲ್ಲಿ ನಮೂನೆ 49ಬಿ ತುಂಬಬೇಕು. ಶುಲ್ಕ ನೂರು ರೂಪಾಯಿಯ ಒಳಗೆ. ವರ್ಗ ಕೇಳಿದಲ್ಲಿ ವ್ಯಕ್ತಿ ಎಂದು ಆರಿಸಿ. ಯಾರ ಖಾತೆಯಿಂದ ಬಾಡಿಗೆ ಹೋಗುತ್ತದೆಯೋ, ಕರಾರಿನಲ್ಲಿ ಬಾಡಿಗೆದಾರ ಎಂದು ಯಾರ ಹೆಸರಿದೆಯೋ ಅವರ ಹೆಸರಿನಲ್ಲಿ ಪಡೆಯಿರಿ. ನಮ್ಮ ದಂಪತಿಯಲ್ಲಿ ಗಂಡ ಪಡೆದರು, ಏಕೆಂದರೆ ಕರಾರಿನಲ್ಲಿ ಅವರ ಹೆಸರಿತ್ತು, ಪಾವತಿಯೂ ಅವರ ಖಾತೆಯಿಂದಲೇ.

ಟ್ಯಾನ್ ಬರುವವರೆಗೆ ತೆರಿಗೆ ಕಟ್ಟಲು ದಾರಿಯಿಲ್ಲ, ಆದರೆ ಗಡುವು ಮಾತ್ರ ಓಡುತ್ತಲೇ ಇರುತ್ತದೆ. ಹಾಗಾಗಿ ಮಾಲೀಕರು ಅನಿವಾಸಿ ಎಂದು ತಿಳಿದ ದಿನವೇ ಅರ್ಜಿ ಹಾಕಿ. ಒಬ್ಬರಿಗೆ ಒಂದೇ ಟ್ಯಾನ್. ಮುಂದೆ ಬೇರೆ ಮನೆಗೆ ಹೋದಾಗ ಅಲ್ಲಿಯೂ ಅನಿವಾಸಿ ಮಾಲೀಕರೇ ಸಿಕ್ಕರೆ ಅದನ್ನೇ ಬಳಸಬೇಕು.

ಹಣ ಕಟ್ಟುವುದು ಹೇಗೆ, ಯಾವಾಗ?

ಮುರಿದ ತಿಂಗಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ. ಮಾರ್ಚ್‌ನಲ್ಲಿ ಮುರಿದದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ.

incometax.gov.in ತಾಣದಲ್ಲಿ `e-Pay Tax` ಒತ್ತಿ, ಟ್ಯಾನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಒಟಿಪಿ ತುಂಬಿ. ಟಿಡಿಎಸ್ ಪಾವತಿಯ ಆಯ್ಕೆಯಲ್ಲಿ ಸೆಕ್ಷನ್ 195 ಆರಿಸಿ. ಮಾಲೀಕರು ಕಂಪನಿಯಲ್ಲ, ವ್ಯಕ್ತಿ, ಆದ್ದರಿಂದ ಮುಖ್ಯ ಶೀರ್ಷಿಕೆ `0021`. ಬಾಡಿಗೆದಾರರು ತಾವಾಗಿ ಕಟ್ಟುವ ಮಾಮೂಲಿ ಟಿಡಿಎಸ್‌ಗೆ ಉಪಶೀರ್ಷಿಕೆ `200`. ವರ್ಷದ ಜಾಗದಲ್ಲಿ ಎಡವಬೇಡಿ: 2025-26ರಲ್ಲಿ ಕೊಟ್ಟ ಬಾಡಿಗೆಗೆ ತೆರಿಗೆ ನಿರ್ಧಾರದ ವರ್ಷ 2026-27. ತೆರಿಗೆ 18,000 ಮತ್ತು ಸೆಸ್ 720 ಎಂದು ಒಡೆದು ತುಂಬಿ, ನೆಟ್ ಬ್ಯಾಂಕಿಂಗ್ ಮೂಲಕ ಕಟ್ಟಿ.

ಕಟ್ಟಿದ ಕೂಡಲೇ ಬರುವ ಚಲನ್ ರಸೀದಿಯನ್ನು ಉಳಿಸಿಕೊಳ್ಳಿ. ಅದರಲ್ಲಿ ಬ್ಯಾಂಕ್ ಶಾಖೆಯ ಏಳು ಅಂಕಿಯ ಬಿಎಸ್‌ಆರ್ ಸಂಕೇತ, ಪಾವತಿಯ ದಿನಾಂಕ, ಐದು ಅಂಕಿಯ ಚಲನ್ ಸಂಖ್ಯೆ ಇರುತ್ತವೆ. ತ್ರೈಮಾಸಿಕ ಪಟ್ಟಿ ಸಲ್ಲಿಸುವಾಗ ಈ ಮೂರೂ ಬೇಕು.

ಒಂದು ದಿನದ ವಿಳಂಬ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಮುರಿದು ತಡವಾಗಿ ಕಟ್ಟಿದರೆ ತಿಂಗಳಿಗೆ ಶೇ 1.5 ಬಡ್ಡಿ, ತಿಂಗಳ ತುಣುಕನ್ನೂ ಪೂರ್ತಿ ತಿಂಗಳೆಂದೇ ಎಣಿಸುತ್ತಾರೆ, ಅದೂ ಮುರಿದ ದಿನದಿಂದ. ಜೂನ್ 5ಕ್ಕೆ ಮುರಿದದ್ದನ್ನು ಜುಲೈ 7ರ ಬದಲು 8ಕ್ಕೆ ಕಟ್ಟಿದರೆ ಜೂನ್, ಜುಲೈ ಎಂದು ಎರಡು ತಿಂಗಳ ಬಡ್ಡಿ ಬೀಳುತ್ತದೆ. 18,720ಕ್ಕೆ ಶೇ 3, ಅಂದರೆ 561 ರೂಪಾಯಿ 60 ಪೈಸೆ. ನಾನು ನನ್ನಲ್ಲಿಗೆ ಬರುವವರಿಗೆ ಹೇಳುವುದು ಇಷ್ಟೇ: ಬಾಡಿಗೆ ಕಳಿಸಿದ ದಿನವೇ, ಅದೇ ಕುರ್ಚಿಯಲ್ಲಿ ಕುಳಿತೇ ಚಲನ್ ಕೂಡ ಕಟ್ಟಿಬಿಡಿ.

ಹಣ ಕಟ್ಟಿದ ಮೇಲೆ ಇನ್ನೇನಾದರೂ ಉಳಿಯಿತೇ?

ಉಳಿಯಿತು. ಹಣ ಸರ್ಕಾರಕ್ಕೆ ಸೇರಿತು, ಆದರೆ ಅದು ಯಾರ ಪರವಾಗಿ ಎಂಬುದು ಇನ್ನೂ ಸರ್ಕಾರಕ್ಕೆ ಗೊತ್ತಿಲ್ಲ. ಅದನ್ನು ತಿಳಿಸುವುದೇ ಮೂರು ತಿಂಗಳಿಗೊಮ್ಮೆ ಸಲ್ಲಿಸುವ ನಮೂನೆ 27ಕ್ಯೂ. ಏಪ್ರಿಲ್-ಜೂನ್‌ನದ್ದು ಜುಲೈ 31ರೊಳಗೆ, ಜುಲೈ-ಸೆಪ್ಟೆಂಬರ್‌ನದ್ದು ಅಕ್ಟೋಬರ್ 31ರೊಳಗೆ, ಅಕ್ಟೋಬರ್-ಡಿಸೆಂಬರ್‌ನದ್ದು ಜನವರಿ 31ರೊಳಗೆ, ಜನವರಿ-ಮಾರ್ಚ್‌ನದ್ದು ಮೇ 31ರೊಳಗೆ.

ಪ್ರೋಟಿಯನ್ ತಾಣದಲ್ಲಿ ಉಚಿತವಾಗಿ ಸಿಗುವ ತಂತ್ರಾಂಶದಲ್ಲಿ ಮಾಲೀಕರ ಪ್ಯಾನ್, ದೇಶ, ವಿಳಾಸ, ಬಾಡಿಗೆ, ಚಲನ್ ವಿವರಗಳನ್ನು ತುಂಬಿ, ತಪಾಸಣೆ ಮಾಡಿ ಬಂದ ಕಡತವನ್ನು ಆದಾಯ ತೆರಿಗೆ ತಾಣದಲ್ಲಿ ಟ್ಯಾನ್ ಲಾಗಿನ್ ಮೂಲಕ ಏರಿಸಬೇಕು. ಚಲನ್ ಕಟ್ಟುವುದನ್ನು ಯಾರು ಬೇಕಾದರೂ ಸ್ವತಃ ಮಾಡಬಹುದು, ಆದರೆ ಈ ಪಟ್ಟಿ ಕಿರಿಕಿರಿಯ ಕೆಲಸ. ಮೊದಲ ಸಲವಾದರೂ ಸಿಎ ಅವರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ಕುಳಿತು ನೋಡಿ.

ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಗರಿಷ್ಠ ಆ ಪಟ್ಟಿಯ ತೆರಿಗೆಯಷ್ಟು. ಅಕ್ಟೋಬರ್ 31ರ ಪಟ್ಟಿ ನವೆಂಬರ್ 10ಕ್ಕೆ ಹೋದರೆ 2,000. ತೆರಿಗೆಯನ್ನು ಸಮಯಕ್ಕೆ ಕಟ್ಟಿದ್ದರೂ ಈ ಶುಲ್ಕ ತಪ್ಪದು.

ಪಟ್ಟಿ ಒಪ್ಪಿಗೆಯಾದ ಮೇಲೆ ಇಲಾಖೆಯ ಟಿಡಿಎಸ್ ತಾಣವಾದ ಟ್ರೇಸಸ್‌ನಲ್ಲಿ ಟ್ಯಾನ್ ನೋಂದಾಯಿಸಿ, ಅಲ್ಲಿಂದ ನಮೂನೆ 16ಎ ಪ್ರಮಾಣಪತ್ರ ಇಳಿಸಿಕೊಂಡು ಮಾಲೀಕರಿಗೆ ಕಳಿಸಿ. ಪಟ್ಟಿಯ ಗಡುವಿನ ನಂತರ ಹದಿನೈದು ದಿನದೊಳಗೆ ಅದು ಅವರ ಕೈ ಸೇರಬೇಕು. ಕೆಲಸ ಸರಿಯಾಗಿದೆಯೋ ಇಲ್ಲವೋ ತಿಳಿಯಲು ಒಂದೇ ಪರೀಕ್ಷೆ: ಮಾಲೀಕರು ತಮ್ಮ ನಮೂನೆ 26ಎಎಸ್ ತೆರೆದಾಗ ನಿಮ್ಮ ಹೆಸರು ಮತ್ತು ಮುರಿದ ಮೊತ್ತ ಅಲ್ಲಿ ಕಾಣಬೇಕು. ಚಲನ್ ಇದ್ದೂ ಅಲ್ಲಿ ಕಾಣದಿದ್ದರೆ ಪಟ್ಟಿ ಸಲ್ಲಿಕೆಯಾಗಿಲ್ಲ, ಇಲ್ಲವೇ ಪ್ಯಾನ್ ತಪ್ಪಾಗಿದೆ ಎಂದರ್ಥ. ತಿದ್ದುಪಡಿ ಪಟ್ಟಿ ಸಲ್ಲಿಸಿ ಸರಿಪಡಿಸಬಹುದು.

ಮಾಲೀಕರ ನಿಜವಾದ ತೆರಿಗೆ ಎಷ್ಟಿರುತ್ತದೆ? ಇಷ್ಟೊಂದು ಮುರಿಯುವುದು ಅನ್ಯಾಯವಲ್ಲವೇ?

ಅವರ ಅಳಲಿನಲ್ಲಿ ಅರ್ಥವಿದೆ, ಲೆಕ್ಕವನ್ನು ನೀವೇ ನೋಡಿ. ಹನ್ನೊಂದು ತಿಂಗಳಿಗೆ ಬಾಡಿಗೆ 6,60,000. ಮಾಲೀಕರು ಮಹಾನಗರಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ 20,000 ಎಂದಿಟ್ಟುಕೊಳ್ಳೋಣ. ಉಳಿದ 6,40,000ದಲ್ಲಿ ಶೇ 30, ಅಂದರೆ 1,92,000, ದುರಸ್ತಿ ಮೊದಲಾದವುಗಳಿಗೆಂದು ಕಾನೂನೇ ಬಿಟ್ಟುಕೊಡುತ್ತದೆ. ತೆರಿಗೆಗೆ ಒಳಪಡುವ ಆದಾಯ 4,48,000. ಭಾರತದಲ್ಲಿ ಅವರಿಗೆ ಬೇರೆ ಆದಾಯವಿಲ್ಲದಿದ್ದರೆ, 2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಉಳಿದ 48,000ಕ್ಕೆ ಶೇ 5, ಅಂದರೆ 2,400. ಸೆಸ್ 96 ಸೇರಿ 2,496 ರೂಪಾಯಿ. ನಿವಾಸಿಗಳಿಗೆ ಸಿಗುವ 87-ಎ ರಿಯಾಯಿತಿ ಅನಿವಾಸಿಗಳಿಗಿಲ್ಲ, ಸಿಗುತ್ತಿದ್ದರೆ ಈ 2,496 ಕೂಡ ಕಟ್ಟಬೇಕಿರಲಿಲ್ಲ.

ನೀವು ಹನ್ನೊಂದು ತಿಂಗಳು ಪೂರ್ತಿ ದರದಲ್ಲಿ ಮುರಿಯುವುದು 2,05,920. ಕಟ್ಟಬೇಕಾದದ್ದು 2,496. ಉಳಿದ ಎರಡು ಲಕ್ಷಕ್ಕೂ ಹೆಚ್ಚಿನ ಹಣ ಅವರು ಮುಂದಿನ ಜುಲೈಯೊಳಗೆ ವಿವರಪಟ್ಟಿ ಸಲ್ಲಿಸಿದ ಮೇಲೆ ರಿಫಂಡ್ ಆಗಿ ಬರುತ್ತದೆ. ಹಣ ಮುಳುಗುವುದಿಲ್ಲ, ಆದರೆ ಒಂದು ವರ್ಷಕ್ಕೂ ಮೀರಿ ಸರ್ಕಾರದಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆ ಸಾಲದ ಕಂತು ಕಟ್ಟುತ್ತಿರುವ ಮಾಲೀಕರಿಗೆ ಇದು ನಿಜವಾದ ಹೊಡೆತ.

ಈ ಲೆಕ್ಕವನ್ನು ಮಾಲೀಕರಿಗೆ ಕಳಿಸಿ. ಬಾಡಿಗೆದಾರ ಹಣ ಹಿಡಿದಿಟ್ಟುಕೊಂಡ ಎಂಬ ಸಂಶಯ ಇಲ್ಲಿಯೇ ಕರಗುತ್ತದೆ, ಮುಂದಿನ ಹೆಜ್ಜೆಗೆ ಅವರೂ ಒಪ್ಪುತ್ತಾರೆ.

ಹಾಗಾದರೆ ದರ ಇಳಿಸುವ ದಾರಿ ಯಾವುದು?

ಮಾಲೀಕರು ಟ್ರೇಸಸ್ ತಾಣದಲ್ಲಿ ನಮೂನೆ 13 ತುಂಬಿ, ಸೆಕ್ಷನ್ 197ರ ಅಡಿ ಕಡಿಮೆ ದರದ ಪ್ರಮಾಣಪತ್ರ ಕೇಳಬೇಕು. ಬಾಡಿಗೆ ಕರಾರು, ಅಂದಾಜು ಆದಾಯದ ಲೆಕ್ಕ, ಹಿಂದಿನ ವರ್ಷಗಳ ವಿವರಪಟ್ಟಿಗಳು ಜೊತೆಗಿರಬೇಕು. ಅಂತರರಾಷ್ಟ್ರೀಯ ತೆರಿಗೆ ವಿಭಾಗದ ಅಧಿಕಾರಿ ಪರಿಶೀಲಿಸಿ, ಇಂಥ ಬಾಡಿಗೆದಾರರು ಇಷ್ಟು ದರದಲ್ಲಿ ಮುರಿಯಲಿ ಎಂದು ಪ್ರಮಾಣಪತ್ರ ಕೊಡುತ್ತಾರೆ.

ಇದರಲ್ಲಿ ಮೂರು ಕಡೆ ಜನ ಎಡವುತ್ತಾರೆ. ಅರ್ಜಿಯಲ್ಲಿ ಬಾಡಿಗೆದಾರರ ಟ್ಯಾನ್ ನಮೂದಿಸಬೇಕು, ಹಾಗಾಗಿ ನಿಮ್ಮ ಟ್ಯಾನ್ ಮೊದಲು ಬರಬೇಕು. ನೀವು ತಡಮಾಡಿದರೆ ಅವರ ಅರ್ಜಿಯೂ ತಡ. ಪ್ರಮಾಣಪತ್ರ ಹೊರಟ ದಿನದಿಂದ ಮುಂದಕ್ಕಷ್ಟೇ ಅನ್ವಯ, ಹಿಂದಿನ ತಿಂಗಳುಗಳಿಗೆ ಇಲ್ಲ. ಮತ್ತು ಅದು ಆ ಹಣಕಾಸು ವರ್ಷಕ್ಕೆ ಮಾತ್ರ, ಏಪ್ರಿಲ್‌ನಲ್ಲಿ ಮತ್ತೆ ಅರ್ಜಿ ಹಾಕದಿದ್ದರೆ ನೀವು ಮತ್ತೆ ಶೇ 31.2ಕ್ಕೆ ಮರಳಬೇಕು. ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರ ನಂಬಿ ದರ ಇಳಿಸಬೇಡಿ. ಪ್ರಮಾಣಪತ್ರದಲ್ಲಿ ನಿಮ್ಮ ಟ್ಯಾನ್, ಸೆಕ್ಷನ್, ಮೊತ್ತದ ಮಿತಿ ಸರಿಯಿದೆಯೇ ಎಂದು ನೋಡಿ, ಅದರ ಸಂಖ್ಯೆಯನ್ನು 27ಕ್ಯೂ ಪಟ್ಟಿಯಲ್ಲಿ ನಮೂದಿಸಿ.

ಬಾನೇರಿನ ಮನೆಯ ಮಾಲೀಕರಿಗೆ ಶೇ 2ರ ಪ್ರಮಾಣಪತ್ರ ನವೆಂಬರ್ 12ಕ್ಕೆ ಬಂತು. ನವೆಂಬರ್ ಬಾಡಿಗೆ 5ಕ್ಕೇ ಹೋಗಿದ್ದರಿಂದ ಅದರಲ್ಲಿ 18,720 ಮುರಿದಾಗಿತ್ತು. ಡಿಸೆಂಬರ್‌ನಿಂದ ಮುರಿದದ್ದು ತಿಂಗಳಿಗೆ 1,200. ಮೇ ತಿಂಗಳಿನಲ್ಲೇ ಎಲ್ಲರೂ ಎಚ್ಚೆತ್ತಿದ್ದರೆ ಮಾಲೀಕರ ಲಕ್ಷಕ್ಕೂ ಹೆಚ್ಚು ಹಣ ಸಿಕ್ಕಿಕೊಳ್ಳುತ್ತಿರಲಿಲ್ಲ.

ನಾಲ್ಕು ತಿಂಗಳಿನಿಂದ ಪೂರ್ತಿ ಬಾಡಿಗೆ ಕೊಟ್ಟುಬಿಟ್ಟಿದ್ದೇವೆ. ಈಗೇನು?

ಇದೇ ನಮ್ಮ ದಂಪತಿಯ ಸ್ಥಿತಿಯಾಗಿತ್ತು. ಮುರಿಯದ ತೆರಿಗೆಗೆ ಕಾನೂನು ಬಾಡಿಗೆದಾರರನ್ನೇ ಬಾಕಿದಾರರೆಂದು ಕಾಣುತ್ತದೆ. ಮುರಿಯಬೇಕಾದ ದಿನದಿಂದ ಮುರಿದ ದಿನದವರೆಗೆ ತಿಂಗಳಿಗೆ ಶೇ 1 ಬಡ್ಡಿ, ಮೇಲಾಗಿ ಮುರಿಯದ ತೆರಿಗೆಯಷ್ಟೇ ದಂಡ ಹಾಕುವ ಅಧಿಕಾರವೂ ಇಲಾಖೆಗಿದೆ. ಮುರಿದ ಹಣವನ್ನು ಕಟ್ಟದೆ ಇಟ್ಟುಕೊಳ್ಳುವುದು ಇನ್ನೂ ಗಂಭೀರ, ಅದಕ್ಕೆ ಮೊಕದ್ದಮೆಯೂ ಆಗಬಹುದು.

ಅವರು ಸೆಪ್ಟೆಂಬರ್ ಮೊದಲ ವಾರವೇ ಟ್ಯಾನ್‌ಗೆ ಅರ್ಜಿ ಹಾಕಿದರು. ಮಾಲೀಕರೊಂದಿಗೆ ಮಾತಾಡಿ, ಒಪ್ಪಿಗೆಯನ್ನು ಇ-ಮೇಲ್‌ನಲ್ಲಿ ಪಡೆದರು. ಟ್ಯಾನ್ ಬಂದ ಮೇಲೆ 22ರಂದು ನಾಲ್ಕು ತಿಂಗಳ 74,880 ರೂಪಾಯಿಯನ್ನು ತಮ್ಮ ಉಳಿತಾಯದಿಂದ ಕಟ್ಟಿದರು. ಬಡ್ಡಿ ಹೀಗಾಯಿತು: ಮೇ ಬಾಡಿಗೆಗೆ ಐದು ತಿಂಗಳು, ಜೂನ್‌ಗೆ ನಾಲ್ಕು, ಜುಲೈಗೆ ಮೂರು, ಆಗಸ್ಟ್‌ಗೆ ಎರಡು. ಒಟ್ಟು ಹದಿನಾಲ್ಕು ತಿಂಗಳು, 18,720ಕ್ಕೆ ಶೇ 14, ಅಂದರೆ 2,620 ರೂಪಾಯಿ 80 ಪೈಸೆ. ಈ ಬಡ್ಡಿ ಬಾಡಿಗೆದಾರರ ತಪ್ಪಿನದು, ಮಾಲೀಕರಿಂದ ಕೇಳುವಂತಿಲ್ಲ.

74,880ನ್ನು ಮಾತ್ರ ಮುಂದಿನ ಮೂರು ತಿಂಗಳ ಬಾಡಿಗೆಯಲ್ಲಿ 24,960ರಂತೆ ವಜಾ ಮಾಡಿಕೊಂಡರು. ಅಕ್ಟೋಬರ್, ನವೆಂಬರ್‌ನಲ್ಲಿ ಮಾಲೀಕರ ಖಾತೆಗೆ ಹೋದದ್ದು ತಲಾ 16,320 ರೂಪಾಯಿ, ಶೇ 2 ಮಾತ್ರ ಮುರಿದ ಡಿಸೆಂಬರ್‌ನಲ್ಲಿ 33,840. ಅವರಿಗೆ ಕಷ್ಟವಾಯಿತು, ಆದರೆ ಹಿಂದಿನ ಮೊತ್ತವೂ ತಮ್ಮ 26ಎಎಸ್‌ನಲ್ಲಿ ಬರುತ್ತದೆ ಎಂದು ತಿಳಿದು ಒಪ್ಪಿದರು.

ಹಿಂದಿನ ವರ್ಷಗಳದ್ದು ತಪ್ಪಿಹೋಗಿದ್ದರೆ ಇನ್ನೊಂದು ದಾರಿಯಿದೆ. ಮಾಲೀಕರು ಆ ಬಾಡಿಗೆಯನ್ನು ತೋರಿಸಿ ವಿವರಪಟ್ಟಿ ಸಲ್ಲಿಸಿ ತೆರಿಗೆಯನ್ನೂ ಕಟ್ಟಿದ್ದರೆ, ಸಿಎ ಪ್ರಮಾಣೀಕರಿಸಿದ ನಮೂನೆ 26ಎ ಮೂಲಕ ನೀವು ಬಾಕಿದಾರರಲ್ಲ ಎಂದು ತೋರಿಸಬಹುದು. 2019ರ ಸೆಪ್ಟೆಂಬರ್‌ನಿಂದ ಈ ಅನುಕೂಲ ಅನಿವಾಸಿಗಳಿಗೆ ಮಾಡಿದ ಪಾವತಿಗೂ ಸಿಗುತ್ತದೆ. ಆಗ ತೆರಿಗೆ ಉಳಿಯುತ್ತದೆ, ಮಾಲೀಕರು ಪಟ್ಟಿ ಸಲ್ಲಿಸಿದ ದಿನದವರೆಗಿನ ಶೇ 1 ಬಡ್ಡಿ ಮಾತ್ರ ಕಟ್ಟಬೇಕಾಗುತ್ತದೆ.

ಗೊತ್ತಿಲ್ಲದೆ 26ಕ್ಯೂಸಿಯಲ್ಲಿ ಶೇ 2 ಕಟ್ಟಿದ್ದೇನೆ. ಸಾಕಲ್ಲವೇ?

ಸಾಲದು. ಮಾಲೀಕರು ಅನಿವಾಸಿಯಾಗಿದ್ದರೆ ಉಳಿದ ಶೇ 29.2 ಕಡಿಮೆ ಮುರಿದಂತೆ, ಮೇಲೆ ಹೇಳಿದ ಬಡ್ಡಿ ಅದಕ್ಕೂ ಓಡುತ್ತದೆ. ಪ್ಯಾನ್‌ನಿಂದಲೇ ಕೆಲಸ ಮುಗಿಯಿತು, ಎಲ್ಲೂ ದೋಷ ತೋರಿಸಲಿಲ್ಲ ಎಂಬ ಕಾರಣಕ್ಕೆ ಜನ ನಿಶ್ಚಿಂತರಾಗುತ್ತಾರೆ. ಆ ನಮೂನೆ ನಿಮ್ಮ ಮಾಲೀಕರ ನಿವಾಸವನ್ನು ಪರೀಕ್ಷಿಸುವುದಿಲ್ಲ, ನೀವು ತುಂಬಿದ್ದನ್ನು ಸ್ವೀಕರಿಸುತ್ತದೆ. ತಪ್ಪು ತಿಳಿದ ಕೂಡಲೇ ಟ್ಯಾನ್ ಪಡೆದು ಸೆಕ್ಷನ್ 195ರ ಅಡಿ ಸರಿಪಡಿಸಿ.

ಕಚೇರಿಯಲ್ಲಿ ಮನೆ ಬಾಡಿಗೆ ಭತ್ಯೆಗೆ 60,000 ತೋರಿಸಲೇ, 41,280 ತೋರಿಸಲೇ?

60,000. ಮುರಿದು ಕಟ್ಟಿದ ತೆರಿಗೆಯೂ ನೀವು ಕೊಟ್ಟ ಬಾಡಿಗೆಯೇ. ರಸೀದಿಯೂ ಪೂರ್ತಿ ಮೊತ್ತಕ್ಕೇ ಇರಲಿ, ಅದರಲ್ಲಿ ಮುರಿದ ತೆರಿಗೆಯನ್ನು ನಮೂದಿಸಿರಲಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಕಚೇರಿಗೆ ಮಾಲೀಕರ ಪ್ಯಾನ್ ಕೊಡಬೇಕು. ಈ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಸಿಗುತ್ತದೆ.

ಮನೆ ಬಿಡುವಾಗ ಏನು ನೋಡಿಕೊಳ್ಳಬೇಕು?

ಕೊನೆಯ ತಿಂಗಳ ಚಲನ್ ಕಟ್ಟಿ, ಆ ತ್ರೈಮಾಸಿಕದ 27ಕ್ಯೂ ಸಲ್ಲಿಸಿ, 16ಎ ಕಳಿಸಿ. ನಮ್ಮ ದಂಪತಿ ಮಾರ್ಚ್ ಕೊನೆಗೆ ಮನೆ ಬಿಟ್ಟರು, ಅವರ ಕೊನೆಯ ಪಟ್ಟಿಯ ಗಡುವು ಮೇ 31. ಠೇವಣಿ ಕೈಗೆ ಬಂತೆಂದು ಇದನ್ನು ಮರೆತರೆ ಮಾಲೀಕರ ರಿಫಂಡ್ ನಿಲ್ಲುತ್ತದೆ, ನಿಮ್ಮ ಶುಲ್ಕ ದಿನಕ್ಕೆ 200ರಂತೆ ಬೆಳೆಯುತ್ತದೆ. ಚಲನ್, ಪಟ್ಟಿಯ ಸ್ವೀಕೃತಿ, ಕರಾರು ಮತ್ತು ಮಾಲೀಕರ ಘೋಷಣೆಯ ಇ-ಮೇಲ್‌ಗಳನ್ನು ಒಂದೇ ಕಡತದಲ್ಲಿಟ್ಟು ಹೊಸ ಮನೆಗೆ ನಿಮ್ಮ ಜೊತೆಗೇ ಒಯ್ಯಿರಿ.